ಆರ್ಡರ್ 28, ಉಳಿದಿದ್ದು ಮೈನಸ್ 288: ಮೂರು ಡ್ಯಾಶ್‌ಬೋರ್ಡ್ ನೋಡಿದ ಮೇಲೆ

ದಾವಣಗೆರೆಯ ಮನೆಯಲ್ಲೇ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ ಮಾಡಿ ಆನ್‌ಲೈನಲ್ಲಿ ಮಾರುತ್ತೇನೆ. ಹುರಿಯೋದು, ಪ್ಯಾಕ್ ಮಾಡೋದು, ಲೆಕ್ಕ ಬರೆಯೋದು ಎಲ್ಲಾ ನಾನೇ. ಭಾನುವಾರ ಸಂಜೆ ಅರ್ಧ ಗಂಟೆ ಮಾತ್ರ ಅಂಕಿ ನೋಡೋಕೆ ಸಿಗುತ್ತದೆ. ಆ ಅರ್ಧ ಗಂಟೆಯಲ್ಲಿ ಏನು ನೋಡಬೇಕು ಅಂತ ಮೂರು ಥರದ ಲೆಕ್ಕ ಇಟ್ಟು ನೋಡಿದೆ.

ಮೊದಲನೆಯದು ಅಂಗಡಿ ಸಾಫ್ಟ್‌ವೇರ್ ತಾನೇ ತೋರಿಸುವುದು: ಎಷ್ಟು ಜನ ಬಂದರು, ಎಷ್ಟು ಆರ್ಡರ್, ಎಷ್ಟು ಮಾರಾಟ, ಬಂದವರಲ್ಲಿ ಕೊಂಡವರು ಶೇಕಡಾ ಎಷ್ಟು. ನೋಡೋಕೆ ಚೆಂದ, ಹಸಿರು ಬಾಣ ಬೇರೆ. ಆದರೆ ನನ್ನಂಥ ಸಣ್ಣ ಅಂಗಡಿಗೆ ವಾರಕ್ಕೆ ಇಪ್ಪತ್ತು ಚಿಲ್ಲರೆ ಆರ್ಡರ್. ಏನೂ ಬದಲಾಗದಿದ್ದರೂ ಇಪ್ಪತ್ತು ಇದ್ದದ್ದು ಒಂದು ವಾರ ಹದಿನಾರು, ಇನ್ನೊಂದು ವಾರ ಇಪ್ಪತ್ತನಾಲ್ಕು ಆಗೋದು ಮಾಮೂಲು. ಅದನ್ನು ನೋಡಿ ನಾನು ಎರಡು ಸಲ ಸುಮ್ನೆ ಫೋಟೋ ಬದಲಿಸಿದೆ.

ಎರಡನೆಯದು ಜಾಹೀರಾತಿನ ಪ್ಯಾನೆಲ್. ಹಾಕಿದ ಒಂದು ರೂಪಾಯಿಗೆ ಎಷ್ಟು ಮಾರಾಟ ಬಂತು ಅನ್ನೋದೇ ಅಲ್ಲಿನ ದೊಡ್ಡ ಅಂಕಿ. ಒಂದು ವಾರ 3,000 ರೂಪಾಯಿ ಹಾಕಿದೆ, ಒಟ್ಟು 28 ಆರ್ಡರ್ ಬಂತು. ಅದರಲ್ಲಿ 24 ಜಾಹೀರಾತಿನಿಂದಲೇ ಬಂದದ್ದು ಅಂತ ಪ್ಯಾನೆಲ್ ಹೇಳಿತು. ಒಂದಕ್ಕೆ ನಾಲ್ಕು! ಖುಷಿಯಾಯಿತು.

ಹತ್ತು ದಿನ ಆದಮೇಲೆ ಪಾರ್ಸೆಲ್‌ಗಳು ವಾಪಸ್ ಬರತೊಡಗಿದವು. "ಇದೇನವ್ವಾ, ಹೋಗಿದ್ದು ಮತ್ತೆ ಬಂತಲ್ಲ?" ಅಂದರು ಅತ್ತೆ. ಡಬ್ಬದ ಮೂಲೆ ಜಜ್ಜಿತ್ತು, ಲೇಬಲ್ ಮೇಲೆ ಎಣ್ಣೆ ಕಲೆ. ಬೆಳ್ಳುಳ್ಳಿ ಹಾಕಿದ ಪುಡಿ, ಮತ್ತೆ ಮಾರೋಕೆ ಮನಸ್ಸು ಬರಲ್ಲ. ನಮ್ಮೂರಲ್ಲಿ ಆರ್‌ಟಿಒ ಅಂದ್ರೆ ಲೈಸೆನ್ಸ್ ಆಫೀಸು. ಕೊರಿಯರ್‌ನವರ ಬಾಯಲ್ಲಿ ಮಾತ್ರ ಹೀಗೆ ವಾಪಸ್ ಬಂದ ಪಾರ್ಸೆಲ್.

ಆ ವಾರದ ಪೂರ್ತಿ ಲೆಕ್ಕ ಹೀಗಿತ್ತು. 28ರಲ್ಲಿ 19 ಸಿಒಡಿ, ಅಂದ್ರೆ ಪಾರ್ಸೆಲ್ ಮುಟ್ಟಿದ ಮೇಲೆ ದುಡ್ಡು ಕೊಡೋದು. ಅದರಲ್ಲಿ 6 ವಾಪಸ್. ಮುಟ್ಟಿದ್ದು 22. ಆರ್ಡರ್‌ಗೆ 499ರಂತೆ ಬಂದಿದ್ದು 10,978 ರೂಪಾಯಿ. ಸಾಮಾನು, ಡಬ್ಬ ಸೇರಿ ಆರ್ಡರ್‌ಗೆ 190ರಂತೆ 5,320 ಹೋಯಿತು. ಕೊರಿಯರ್‌ಗೆ ಹೋಗೋದು 70, ವಾಪಸ್ ಬರೋದು 60, ಮುಟ್ಟಿದ ಸಿಒಡಿಗೆ 40, ಎಲ್ಲಾ ಸೇರಿ 2,840. ಮೊದಲೇ ಆನ್‌ಲೈನಲ್ಲಿ ದುಡ್ಡು ಕಟ್ಟಿದ ಆರ್ಡರ್‌ಗಳ ಗೇಟ್‌ವೇ ಶುಲ್ಕ 106, ಜಾಹೀರಾತು 3,000. ಒಟ್ಟು ಖರ್ಚು 11,266. ಉಳಿದಿದ್ದು ಮೈನಸ್ 288. ಹಿಂದಿನ ವಾರ 21 ಆರ್ಡರ್, 1,200ರ ಜಾಹೀರಾತು, ಒಂದೇ ವಾಪಸ್. ಅದೇ ಲೆಕ್ಕದಲ್ಲಿ ಉಳಿದಿದ್ದು 2,799! ಮೊದಲೆರಡು ಡ್ಯಾಶ್‌ಬೋರ್ಡ್‌ಗಳಲ್ಲಿ ಈ ವ್ಯತ್ಯಾಸ ಕಾಣೋದೇ ಇಲ್ಲ.

ಹಾಗಾಗಿ ಮೂರನೆಯದನ್ನು ನಾನೇ ಶೀಟ್‌ನಲ್ಲಿ ಮಾಡಿಕೊಂಡೆ. ಮೂರೇ ಅಂಕಿ. ಒಂದು, ಕೈಗೆ ಉಳಿದ ಹಣ. ಎರಡು, ಸಿಒಡಿಯಲ್ಲಿ ವಾಪಸ್ ಬಂದ ಪಾಲು. ಇದನ್ನು ವಾಪಸ್ ಬಂದ ವಾರಕ್ಕಲ್ಲ, ಕಳಿಸಿದ ವಾರಕ್ಕೆ ಹಾಕಬೇಕು. ಇಲ್ಲದಿದ್ದರೆ ಹಳೆ ವಾರದ ತಪ್ಪು ಹೊಸ ವಾರದ ತಲೆಗೆ ಬೀಳುತ್ತದೆ. B ಕಾಲಂನಲ್ಲಿ ಕಳಿಸಿದ ವಾರ, D ಪಾವತಿ, E ಸ್ಥಿತಿ, H2ನಲ್ಲಿ ನೋಡಬೇಕಾದ ವಾರ:

```
=COUNTIFS(B:B,H2,D:D,"COD",E:E,"RTO")/COUNTIFS(B:B,H2,D:D,"COD")
```

ಮೂರು, ಮತ್ತೆ ಕೊಂಡ ಹಳೆ ಗಿರಾಕಿಗಳು. ಇಲ್ಲಿ ಮೊದಲು ಶೇಕಡಾ ಇಟ್ಟಿದ್ದೆ, ಮೋಸಹೋದೆ. ಜಾಹೀರಾತು ನಿಲ್ಲಿಸಿದ ವಾರ ಹೊಸಬರು ಕಡಿಮೆಯಾಗಿ ಶೇಕಡಾ ತಾನಾಗೇ ಏರಿತು, ಹಳಬರು ಮಾತ್ರ ಅಷ್ಟೇ ಜನ. ಈಗ ತಲೆ ಎಣಿಸುತ್ತೇನೆ, ಅಷ್ಟೆ. ಎರಡನೆಯದನ್ನೂ ಮೂರನೆಯದನ್ನೂ ನಾಲ್ಕು ವಾರ ಒಟ್ಟು ಸೇರಿಸಿ ನೋಡುತ್ತೇನೆ.

ಇದರ ಕೊರತೆ ಅಂದ್ರೆ ತಡ. ಪಾರ್ಸೆಲ್‌ಗಳ ಹಣೆಬರಹ ತಿಳಿಯೋಕೆ ಎರಡು ವಾರ ಬೇಕು, ಅಷ್ಟರೊಳಗೆ ಇನ್ನೆರಡು ವಾರದ ಜಾಹೀರಾತು ಸುರಿದಿರುತ್ತೇವೆ ಅಲ್ವಾ? ಅದಕ್ಕೇ ಈ ವಾರದ ಆರ್ಡರ್‌ನಲ್ಲಿ ಸಿಒಡಿ ಎಷ್ಟು ಅಂತ ಪಕ್ಕದಲ್ಲೇ ಬರೆದಿಡುತ್ತೇನೆ. ಅದು ಅರ್ಧ ದಾಟಿದರೆ ಜಾಹೀರಾತಿನ ದುಡ್ಡು ಕಡಿಮೆ ಮಾಡುತ್ತೇನೆ. ಒಂದು ಪಾರ್ಸೆಲ್ ವಾಪಸ್ ಬಂದರೆ 320 ಹೋಯಿತು. ಮುಟ್ಟಿದ ಸಿಒಡಿ ಒಂದರಿಂದ ಜಾಹೀರಾತು ಬಿಟ್ಟು ಉಳಿಯೋದು 199 ಮಾತ್ರ.

ಈಗ ಮೊದಲೇ ದುಡ್ಡು ಕಟ್ಟಿದವರಿಗೆ 30 ರೂಪಾಯಿ ಬಿಡುತ್ತೇನೆ. ಗೇಟ್‌ವೇ ಶುಲ್ಕ ಸೇರಿಸಿದರೂ ಸಿಒಡಿಯ 40ಕ್ಕೆ ಹೆಚ್ಚುಕಡಿಮೆ ಸಮ. ಜಾಹೀರಾತಿನ ಪ್ಯಾನೆಲ್ ತೆಗೆಯೋದು ಯಾವ ವಿಡಿಯೋ ನಿಲ್ಲಿಸಬೇಕು ಅಂತ ನೋಡೋಕೆ ಮಾತ್ರ. ಅಂಗಡಿಯ ಹಸಿರು ಬಾಣವನ್ನು ಮುಖಪುಟದಿಂದ ತೆಗೆದುಬಿಟ್ಟೆ.