ಫೋನಿನ ಕ್ಯಾಲೆಂಡರಾ, ಅಡುಗೆಮನೆ ಬಾಗಿಲ ಹಾಳೆಯಾ?

ನನ್ನ ಓಟು ಹಾಳೆಗೇ. ದಾವಣಗೆರೆಯಲ್ಲಿ ಮನೆಯಿಂದಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಇದರ ನಡುವೆ ಗಿರಾಕಿಗಳ ಮೆಸೇಜು ಬೇರೆ. ಎಲ್ಲಕ್ಕೂ ಹೊತ್ತು ಹಂಚಿಡೋಣ ಅಂತ ಮೊದಲು ಹಿಡಿದದ್ದು ಗೂಗಲ್ ಕ್ಯಾಲೆಂಡರ್.

ಅದರ ಜೊತೆ ನನಗೆ ಬಿದ್ದ ಜಗಳ ನೀರಿನದು. ನಮ್ಮ ಬೀದಿಗೆ ನೀರು ಬಿಡುವುದಕ್ಕೆ ಹೊತ್ತುಗೊತ್ತಿಲ್ಲ. ಹತ್ತಕ್ಕೆ ಹುರಿಯೋದು ಅಂತ ಹಾಕಿರುತ್ತೇನೆ, ಒಂಬತ್ತೂ ಮುಕ್ಕಾಲಿಗೆ ನಲ್ಲಿ ಸೊರ್ ಅನ್ನುತ್ತದೆ. ಸಂಪು, ಡ್ರಮ್ಮು, ಕೊಡ ಎಲ್ಲ ತುಂಬುವಷ್ಟರಲ್ಲಿ ಹತ್ತೂ ಮುಕ್ಕಾಲು. ಆಗ ಹುರಿಯುವುದನ್ನು ಮುಂದಕ್ಕೆ ಎಳೆದರೆ ಅದೊಂದೇ ಸರಿಯುತ್ತದೆ. ಪುಡಿ ಮಾಡೋದು, ಪ್ಯಾಕಿಂಗು, ಮೆಸೇಜು ಇದ್ದಲ್ಲೇ ಇರುತ್ತವೆ. ಒಂದೊಂದನ್ನೇ ಎಳೆಯಬೇಕು. ದಿನಾ ಬರುವ ಕೆಲಸ ಅಂತ ಹಾಕಿದ್ದರೆ, ಇವತ್ತಿಗೆ ಮಾತ್ರವಾ, ಮುಂದಿನದಕ್ಕೂವಾ ಅಂತ ಬೇರೆ ಕೇಳುತ್ತದೆ. ಒದ್ದೆ ಕೈಯಲ್ಲಿ ಯಾರಿಗೆ ಬೇಕು? ಫೋನ್ ಕೈಗೆ ಬಂತು ಅಂದರೆ 'ಅಕ್ಕಾ, ಅರ್ಧ ಕೆಜಿ ಎಷ್ಟು?' ಅಂತ ಒಬ್ಬರು ಕಾದೇ ಇರುತ್ತಾರೆ. ಅಲ್ಲಿಗೆ ಮುಗೀತು.

ಗಂಟೆಗೊಂದು ಗೆರೆ ಇರುವ ಪ್ಲಾನರ್ ಪುಸ್ತಕವನ್ನೂ ದುಡ್ಡು ಕೊಟ್ಟು ತಂದೆ. ಅದೇ ಕಥೆ, ಜೊತೆಗೆ ಚಿತ್ತುಕಾಟು.

ಹಾಳೆಯಲ್ಲಿ ಗಂಟೆ ಬರೆಯುವುದಿಲ್ಲ, ಸರದಿ ಬರೆಯುತ್ತೇನೆ. ಗಡಿಯಾರಕ್ಕೆ ಕಟ್ಟಿದ್ದು ಎರಡೇ: ನಾಲ್ಕಕ್ಕೆ ಕೊರಿಯರ್, ನಾಲ್ಕೂವರೆಗೆ ಮಕ್ಕಳು. ಉಳಿದದ್ದನ್ನು ನಾಲ್ಕರಿಂದ ಹಿಂದಕ್ಕೆ ಎಣಿಸುತ್ತೇನೆ. ಎರಡು ಕೆಜಿ ಶೇಂಗಾ ಅನ್ನಿ. ಪ್ಯಾಕ್ ಮಾಡಿ ಕೊರಿಯರ್‌ಗೆ ಮುಟ್ಟಿಸಲು ಒಂದು ಗಂಟೆ. ಸಿಪ್ಪೆ ತೆಗೆದು ಪುಡಿ ಮಾಡಲು ಒಂದು ಗಂಟೆ. ಊಟಕ್ಕೆ ಅರ್ಧ. ಆರಲು ಮುಕ್ಕಾಲು. ಸಣ್ಣ ಉರಿಯಲ್ಲಿ ಅರ್ಧರ್ಧ ಕೆಜಿ ಹುರಿಯಲು ಒಂದು ಗಂಟೆ. ಅಂದರೆ ಹನ್ನೊಂದೂ ಮುಕ್ಕಾಲರೊಳಗೆ ಒಲೆ ಹಚ್ಚಬೇಕು. ಆಗಲಿಲ್ಲವಾ, 'ನಾಳೆ ಕಳಿಸ್ತೀನಿ' ಅಂತ ಆಗಲೇ ಹೇಳಿಬಿಡುತ್ತೇನೆ. ಈಗ ನೀರು ಬಂದರೂ ಅತ್ತೆಗೆ ಡಾಕ್ಟರ್ ಹತ್ತಿರ ಹೋಗಬೇಕಾದರೂ ಒಂದೇ ಒಂದು ಹೊತ್ತು ನೋಡಿದರೆ ಸಾಕು.

ಶೇಂಗಾ ಆರುವ ಆ ಮುಕ್ಕಾಲು ಗಂಟೆಯೇ ಮೆಸೇಜಿನ ಹೊತ್ತು. ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಹಾಗಾಗಿ ಹೇಗೂ ಕಾಯಲೇಬೇಕು. ಹುರಿಯುವಾಗ ಮಾತ್ರ ಫೋನ್ ಮುಟ್ಟಲ್ಲ. ಒಂದು ರಿಪ್ಲೈ ಮುಗಿಯುವಷ್ಟರಲ್ಲಿ ತಳದ ಕಾಳು ಕಪ್ಪಾಗಿ, ಇಡೀ ಪುಡಿಯೇ ಕಹಿಯಾಗುತ್ತದೆ. ಉಳಿದ ಮೆಸೇಜು ರಾತ್ರಿ ಊಟದ ಮೇಲೆ.

ಈ ಎರಡು ಹೊತ್ತಿನ ನಡುವೆ ಕೇಳಿದವರಿಗೆ ವಾಟ್ಸಾಪ್ ಬಿಸಿನೆಸ್‌ನ 'ಅವೇ ಮೆಸೇಜ್', ಅಂದರೆ 'ಆಮೇಲೆ ಉತ್ತರಿಸ್ತೀನಿ' ಅಂತ ಮೊದಲೇ ಬರೆದಿಟ್ಟದ್ದು, ತಾನಾಗಿ ಹೋಗುತ್ತದೆ. ಆದರೆ ಫೋನಿನಲ್ಲಿ ನೆಟ್ ಆನ್ ಇರಬೇಕು. ಕಾಟ ಬೇಡ ಅಂತ ಡೇಟಾ ಆಫ್ ಮಾಡಿದರೆ ಅದೂ ಹೋಗಲ್ಲ. ಸೈಲೆಂಟ್ ಮಾಡಿ ಸಾಕು.

ಕ್ಯಾಲೆಂಡರ್ ಅಳಿಸಿಲ್ಲ. ಮದುವೆ ಆರ್ಡರಿನ ತಾರೀಖು ನೆನಪಿಸಲು ಅದೇ ಒಳ್ಳೆಯದು. ಟ್ಯೂಷನ್ನಿನಂಥ, ಹೊತ್ತಿಗೆ ಸರಿಯಾಗಿ ನಡೆಯುವ ಕೆಲಸ ನಿಮ್ಮದಾದರೆ ಅದನ್ನೇ ಇಟ್ಟುಕೊಳ್ಳಿ. ನನಗಂತೂ ಮಗನ ಹಳೇ ನೋಟ್‌ಬುಕ್ಕಿನ ಹಾಳೆ ಸಾಕು, ಖರ್ಚೂ ಇಲ್ಲ.