ಕೋರ್ಸ್ ಶುಲ್ಕ ಕೇಳುವ ಪತ್ರ: ಬರುವ ಆದಾಯವೋ, ಉಳಿಯುವ ಖರ್ಚೋ?

ಕಾರವಾರದ ಫ್ಯಾಬ್ರಿಕೇಷನ್ ಕಾರ್ಖಾನೆಯೊಂದರ ವೆಲ್ಡಿಂಗ್ ಮೇಲ್ವಿಚಾರಕರು ಬೆಸುಗೆಯೊಳಗಿನ ದೋಷವನ್ನು ಶಬ್ದತರಂಗಗಳಿಂದ ಪತ್ತೆಹಚ್ಚುವ ಅಲ್ಟ್ರಾಸಾನಿಕ್ ಪರೀಕ್ಷೆಯ ಲೆವೆಲ್-2 ಕೋರ್ಸಿಗೆ ಕಂಪನಿಯ ನೆರವು ಕೇಳುತ್ತಿದ್ದಾರೆ ಎಂದುಕೊಳ್ಳಿ. ಪತ್ರಕ್ಕೆ ಎರಡು ದಾರಿಗಳಿವೆ.

‘ಪ್ರಮಾಣಪತ್ರ ಬಂದರೆ ಹೊಸ ಗುತ್ತಿಗೆಗಳು ಸಿಗುತ್ತವೆ’ ಎನ್ನುವುದು ಒಂದು. ಓದಲು ಚೆಂದ, ಆದರೆ ಗುತ್ತಿಗೆಯನ್ನು ಒಬ್ಬರ ಕಲಿಕೆಗೆ ಗಂಟುಹಾಕಲು ಲೆಕ್ಕಪತ್ರ ವಿಭಾಗ ಒಪ್ಪುವುದಿಲ್ಲ.

ಇನ್ನೊಂದು, ಈಗಾಗಲೇ ಆಗುತ್ತಿರುವ ಖರ್ಚನ್ನು ತೋರಿಸುವುದು. ನನ್ನ ಆಯ್ಕೆ ಇದೇ. ಮಂಗಳೂರಿನಿಂದ ತಿಂಗಳಿಗೆ ಎರಡು ಬಾರಿ ಬರುವ ಪರೀಕ್ಷಕರಿಗೆ ಪ್ರತಿ ಸಲ 7,000 ರೂಪಾಯಿಯಂತೆ 14,000 ಹೋಗುತ್ತದೆ ಎನ್ನೋಣ. ಆ ಪರೀಕ್ಷೆಯನ್ನು ನೀವೇ ಮಾಡಲು ಬೇಕಾಗುವ ಉಪಕರಣದ ಬಾಡಿಗೆ 4,000 ಕಳೆದರೆ ತಿಂಗಳ ಉಳಿತಾಯ 10,000. ಶುಲ್ಕ 35,000, ಪ್ರಯಾಣ ಮತ್ತು ವಸತಿ 15,000, ರಜೆಯ ದಿನಗಳ ಸಂಬಳ 10,000 ಸೇರಿ ಒಟ್ಟು 60,000. ಆರು ತಿಂಗಳಲ್ಲಿ ಹಣ ಮರಳುತ್ತದೆ. ರಜೆಯ ಸಂಬಳವನ್ನು ನೀವೇ ಸೇರಿಸಿ, ಲೆಕ್ಕದ ಮೇಲೆ ನಂಬಿಕೆ ಬರುತ್ತದೆ. ಹಳೆಯ ಬಿಲ್ಲುಗಳನ್ನೂ ಲಗತ್ತಿಸಿ.

ಆದರೆ ತರಗತಿ ಮುಗಿದ ಮರುದಿನವೇ ಉಳಿತಾಯ ಶುರುವಾಗುವುದಿಲ್ಲ. ಪ್ರಮಾಣಪತ್ರಕ್ಕೆ ನಿಗದಿತ ಅವಧಿಯ ಕೆಲಸದ ಅನುಭವವೂ ಬೇಕು. ಗ್ರಾಹಕರು ಹೊರಗಿನ ಪರೀಕ್ಷಕರೇ ಬೇಕೆಂದರೆ ಆ ಕೆಲಸವನ್ನು ಲೆಕ್ಕದಿಂದ ಬಿಡಿ.

‘ಕಲಿತು ಕೆಲಸ ಬಿಟ್ಟರೆ?’ ಎಂಬ ಅಳುಕಿಗೂ ಪತ್ರದಲ್ಲಿ ಉತ್ತರವಿರಲಿ. ಐಎಸ್‌ಒ 9712 ಮಾನದಂಡದ ಪ್ರಮಾಣಪತ್ರವನ್ನು ಸ್ವತಂತ್ರ ಸಂಸ್ಥೆ ಕೊಡುತ್ತದೆ, ಅದು ನಿಮ್ಮೊಂದಿಗೇ ಬರುತ್ತದೆ. ಎಸ್‌ಎನ್‌ಟಿ-ಟಿಸಿ-1ಎ ಪದ್ಧತಿಯಲ್ಲಿ ಪ್ರಮಾಣೀಕರಿಸುವುದು ಉದ್ಯೋಗದಾತರೇ, ಕೆಲಸ ಬಿಟ್ಟರೆ ಅದು ಮುಗಿಯುತ್ತದೆ. ಗ್ರಾಹಕರು ಒಪ್ಪುವುದಾದರೆ ಎರಡನೆಯದನ್ನೇ ಕೇಳಿ.