ಗುಂಪು ಸೆಮಿನಾರಿನಲ್ಲಿ ಮಾತು ಕೈ ದಾಟುವಾಗ: ಮೂರು ಕ್ರಮಗಳ ಹೋಲಿಕೆ

ನಾಲ್ಕು ಜನ ಸೇರಿ ಹನ್ನೆರಡು ನಿಮಿಷ ಮಾತಾಡುವ ಸೆಮಿನಾರು ಕೆಡುವುದು ಹೆಚ್ಚಾಗಿ ಯಾರ ಮಾತಿನ ಒಳಗೂ ಅಲ್ಲ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ಸಂದಿನಲ್ಲಿ. ಅಂಥ ಸಂದು ಇರುವುದು ಮೂರೇ. ಅದನ್ನು ದಾಟುವ ಮೂರು ಕ್ರಮಗಳನ್ನು ಒಂದೇ ವಿಷಯಕ್ಕೆ ಹಚ್ಚಿ ನೋಡಿದ ಹೋಲಿಕೆ ಇದು. ವಿಷಯ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಆಗಾಗ ಎತ್ತಿಕೊಳ್ಳುವಂಥದ್ದೇ: ನಮ್ಮ ಊರಿನ ನೀರು. ಮೊದಲನೆಯವನು ನವೀನ, ಮಳೆ ಮತ್ತು ಮುರಕಲ್ಲಿನ ಬಗ್ಗೆ ಹೇಳುತ್ತಾನೆ. ಎರಡನೆಯವಳು ಅಶ್ವಿನಿ, ಸುರಂಗ. ಮೂರನೆಯವನು ರಫೀಕ್, ಮಳೆನೀರು ಹಿಡಿದಿಡುವ ಮದಕ ಮತ್ತು ತೋಡಿಗೆ ಅಡ್ಡ ಹಾಕುವ ಕಟ್ಟ. ಕೊನೆಯವಳು ಸುಮಾ, ಬೋರ್‌ವೆಲ್ ಬಂದ ಮೇಲಿನ ಸ್ಥಿತಿ.

ಮೊದಲನೆಯ ಕ್ರಮ ಎಲ್ಲರಿಗೂ ಗೊತ್ತಿರುವುದು, ಹೆಸರು ಕರೆದು ಬಿಡುವುದು. "ಇಷ್ಟು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ. ಮುಂದಿನ ಭಾಗವನ್ನು ಅಶ್ವಿನಿ ಹೇಳುತ್ತಾಳೆ" ಎಂದು ನವೀನ ಹಿಂದೆ ಸರಿಯುತ್ತಾನೆ. ಅಶ್ವಿನಿ ಬಂದು "ಎಲ್ಲರಿಗೂ ನಮಸ್ಕಾರ, ನಾನು ಸುರಂಗದ ಬಗ್ಗೆ ಎರಡು ಮಾತು ಹೇಳಲು ಇಷ್ಟಪಡುತ್ತೇನೆ" ಎಂದು ಶುರು ಮಾಡುತ್ತಾಳೆ. ಇದರ ಗುಣ ಒಂದೇ, ಅಭ್ಯಾಸ ಬೇಡ. ನಷ್ಟ ಎರಡು. ನಾಲ್ಕು ಸಲ ನಮಸ್ಕಾರ ಬಂದರೆ ಅದು ಒಂದು ಸೆಮಿನಾರಲ್ಲ, ನಾಲ್ಕು ಸಣ್ಣ ಭಾಷಣ. ಇನ್ನೊಂದು, ಮಳೆಗೂ ಸುರಂಗಕ್ಕೂ ಏನು ಸಂಬಂಧ ಎಂಬುದನ್ನು ಯಾರೂ ಹೇಳಿದಂತಾಗಲಿಲ್ಲ. ನವೀನನಿಗೆ ತನ್ನದು ಗೊತ್ತು, ಅಶ್ವಿನಿಗೆ ತನ್ನದು ಗೊತ್ತು. ಎರಡನ್ನೂ ಜೋಡಿಸುವ ಕೆಲಸ ಕೇಳುವವರ ತಲೆಗೆ ಬಿತ್ತು. ತಂಡದವರು ಪರಸ್ಪರರ ಭಾಗವನ್ನು ಓದಿಯೇ ಇಲ್ಲ ಎಂಬುದು ಪರೀಕ್ಷಕರಿಗೆ ಗೊತ್ತಾಗುವುದೂ ಇಲ್ಲಿಯೇ.

ಎರಡನೆಯ ಕ್ರಮದಲ್ಲಿ ಐದನೆಯವರೊಬ್ಬರು ನಿರೂಪಣೆಗೆ ನಿಲ್ಲುತ್ತಾರೆ. ಪ್ರತಿ ಭಾಗದ ಬಳಿಕ ಎರಡು ಸಾಲು ಹೇಳಿ ಮುಂದಿನವರನ್ನು ಕರೆಯುತ್ತಾರೆ. ಸಂದು ಒಡೆದು ಕಾಣುವುದಿಲ್ಲ, ಮಾತಾಡುವವರಿಗೆ ಉಸಿರು ತಿರುಗಿಸಿಕೊಳ್ಳಲು ಸಮಯವೂ ಸಿಗುತ್ತದೆ. ಆದರೆ ಪ್ರತಿ ಸಲ ಇಪ್ಪತ್ತು ಸೆಕೆಂಡಿಗೆ ಕಡಿಮೆ ಆಗುವುದಿಲ್ಲ, ಮೂರು ಸಂದಿಗೆ ಒಂದು ನಿಮಿಷ ಹೋಯಿತು. ಹನ್ನೆರಡರಲ್ಲಿ ಒಂದು ನಿಮಿಷ ಸಣ್ಣದಲ್ಲ. ಜೊತೆಗೆ ನಿರೂಪಕರ ಬಾಯಿಗೆ "ಈಗ ಅಶ್ವಿನಿಯವರು ತಮ್ಮ ವಿಚಾರವನ್ನು ಮಂಡಿಸಲಿದ್ದಾರೆ" ಎಂಬ ಸಭೆಯ ಮಾತು ತಾನಾಗಿ ಬರುತ್ತದೆ, ವಿಷಯ ಅಲ್ಲಿಗೆ ನಿಂತುಬಿಡುತ್ತದೆ. ಈ ಕ್ರಮವನ್ನು ಒಂದೇ ಸಂದರ್ಭದಲ್ಲಿ ಧೈರ್ಯವಾಗಿ ಹಿಡಿಯಬಹುದು: ಸಭೆಯಲ್ಲಿ ಮಲಯಾಳ ಮಾತ್ರ ಬಲ್ಲವರು ಸಾಕಷ್ಟು ಇರುವಾಗ. ಆಗ ನಿರೂಪಕರು ಆದ ಭಾಗದ ಸಾರವನ್ನು ಮಲಯಾಳದಲ್ಲಿ ಎರಡು ವಾಕ್ಯದಲ್ಲಿ ಹೇಳಿ ಕನ್ನಡಕ್ಕೆ ಮರಳಬಹುದು. ಆ ಇಪ್ಪತ್ತು ಸೆಕೆಂಡಿಗೆ ಅಲ್ಲಿ ನಿಜವಾದ ಕೆಲಸ ಉಂಟು. ಉಳಿದ ಕಡೆ ಇಲ್ಲ.

ಮೂರನೆಯದು ಕೊಂಡಿವಾಕ್ಯದ ಕ್ರಮ. ಇದನ್ನು ನಮ್ಮ ಕಡೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿ ತನ್ನ ಮಾತನ್ನು ಎಲ್ಲೋ ಒಂದು ಕಡೆ ನಿಲ್ಲಿಸುವುದಿಲ್ಲ. ಮುಂದಿನ ಪದ್ಯ ಯಾವ ಭಾವಕ್ಕೆ ಹೊರಡಬೇಕೋ ಅಲ್ಲಿಗೆ ಮಾತನ್ನು ತಂದು ಎತ್ತುಗಡೆ ಕೊಡುತ್ತಾನೆ, ಭಾಗವತರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಸೆಮಿನಾರಿನಲ್ಲೂ ಬೇಕಾದದ್ದು ಅದೇ. ಹೋಗುವವರು ತಮ್ಮ ಭಾಗದಲ್ಲಿ ಸಿಕ್ಕಿದ್ದನ್ನು ಒಂದು ಸಣ್ಣ ವಾಕ್ಯದಲ್ಲಿ ಹೇಳಿ, ಅದರಿಂದ ಹುಟ್ಟುವ ಪ್ರಶ್ನೆಯನ್ನು ಇಟ್ಟು ಹೋಗುತ್ತಾರೆ. ಬರುವವರ ಮೊದಲ ವಾಕ್ಯವೇ ಅದರ ಉತ್ತರ.

ನವೀನನ ಕೊನೆ ಹೀಗಾಗುತ್ತದೆ: "ಮಳೆಗೆ ಕೊರತೆ ಇಲ್ಲ, ಆದರೆ ಬಿದ್ದ ನೀರು ಮುರಕಲ್ಲಿನ ಒಳಗೆ ಇಳಿದುಹೋಗುತ್ತದೆ. ಗುಡ್ಡೆಯ ಹೊಟ್ಟೆಗೆ ಸೇರಿದ ಆ ನೀರನ್ನು ಪಂಪಿಲ್ಲದ ಕಾಲದಲ್ಲಿ ಹೊರಗೆ ತಂದದ್ದು ಹೇಗೆ, ಅಶ್ವಿನಿ?" ಅಶ್ವಿನಿ ನಮಸ್ಕಾರವಿಲ್ಲದೆ ನೇರ ಹೊರಡುತ್ತಾಳೆ: "ಗುಡ್ಡೆಯೊಳಗಿನ ನೀರನ್ನು ತರಲು ನಮ್ಮ ಹಿರಿಯರು ಗುಡ್ಡೆಯ ಮಗ್ಗುಲನ್ನೇ ಅಡ್ಡಕ್ಕೆ ಕೊರೆದರು. ಒಸರು ಸಿಗುವವರೆಗೆ ಕೊರೆದ ಆ ದಾರಿಯೇ ಸುರಂಗ."

ಈ ಎರಡು ವಾಕ್ಯಗಳಲ್ಲಿ ಗಮನಿಸಬೇಕಾದ ಎರಡು ಸೂಕ್ಷ್ಮ ಉಂಟು. ಒಂದು, ಹೆಸರು ಕೊನೆಗೆ ಬಂದಿದೆ. "ಅಶ್ವಿನಿ ಈಗ..." ಎಂದು ಹೆಸರಿನಿಂದ ಶುರು ಮಾಡಿದರೆ ಎಲ್ಲರ ಕಣ್ಣೂ ಎದ್ದು ಬರುವ ಅಶ್ವಿನಿಯ ಮೇಲೆ ಹೋಗುತ್ತದೆ, ಪ್ರಶ್ನೆ ಯಾರ ಕಿವಿಗೂ ಬೀಳುವುದಿಲ್ಲ. "ಎಂಬುದನ್ನು ಅಶ್ವಿನಿ ತಿಳಿಸಿಕೊಡಲಿದ್ದಾಳೆ" ಎಂದು ಮುಗಿಸಿದರೂ ನಷ್ಟವೇ. ಹಾಗೆ ಹೇಳಿ ಮುಗಿಸುವ ವಾಕ್ಯದ ಬಾಲದಲ್ಲಿ ಸ್ವರ ಕೆಳಗಿಳಿಯುತ್ತದೆ, ಕೇಳಿದ ಪ್ರಶ್ನೆಯ ಬಿಸಿ ಆರುತ್ತದೆ. ಪ್ರಶ್ನೆ, ಹೆಸರು, ಅಷ್ಟೇ. ಇನ್ನೊಂದು, ಅಶ್ವಿನಿಯ ಉತ್ತರ ಪ್ರಶ್ನೆಯ ಮೇಲೆ ಪೂರ್ತಿ ಒರಗಿಲ್ಲ. ಅವಳು "ಅಡ್ಡಕ್ಕೆ ಕೊರೆದು" ಎಂದಷ್ಟೇ ಶುರು ಮಾಡಿದರೆ ಕೇಳಲು ಚಂದ. ಆದರೆ ಗಾಬರಿಯಲ್ಲಿ ನವೀನ ಪ್ರಶ್ನೆಯನ್ನೇ ಮರೆತು "ಮುಂದೆ ಅಶ್ವಿನಿ" ಎಂದುಬಿಟ್ಟರೆ ಆ ಉತ್ತರ ಗಾಳಿಯಲ್ಲಿ ನೇತಾಡುತ್ತದೆ. ಪ್ರಶ್ನೆಯ ಮುಖ್ಯ ಪದಗಳನ್ನು, ಇಲ್ಲಿ "ಗುಡ್ಡೆಯೊಳಗಿನ ನೀರು" ಎಂಬುದನ್ನು, ತನ್ನ ವಾಕ್ಯದಲ್ಲಿ ಎತ್ತಿಕೊಂಡರೆ ಪ್ರಶ್ನೆ ಬಂದರೂ ಬಾರದಿದ್ದರೂ ಅದು ನಿಲ್ಲುತ್ತದೆ. ಕೊಂಡಿವಾಕ್ಯದ ಕ್ರಮ ಸೋಲುವುದು ಬಹುಪಾಲು ಈ ಜಾಗದಲ್ಲಿಯೇ, ಆದ್ದರಿಂದ ಬರೆಯುವಾಗ ಒಂದು ಪರೀಕ್ಷೆ ಮಾಡಿ: ಬರುವವರ ಮೊದಲ ವಾಕ್ಯವನ್ನು ಮಾತ್ರ ಹೊರಗಿನವರೊಬ್ಬರಿಗೆ ಓದಿ ಹೇಳಿ. ಅರ್ಥವಾದರೆ ಸರಿ.

ಮೂರನೆಯ ಕ್ರಮ ಗೆಲ್ಲುತ್ತದೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಅದಕ್ಕೆ ಒಂದು ಷರತ್ತು ಉಂಟು. ಸಮಯ ಮೀರಿದಾಗ ಮಕ್ಕಳು ಮೊದಲು ಬಿಡುವುದು ಕೊನೆಯ ವಾಕ್ಯವನ್ನು, ಅಂದರೆ ಕೊಂಡಿಯನ್ನೇ. ಹಾಗಾಗಿ ಸಮಯದ ಏರ್ಪಾಡು ಸರಿಯಿಲ್ಲದಿದ್ದರೆ ಎಷ್ಟು ಒಳ್ಳೆಯ ಕೊಂಡಿ ಬರೆದರೂ ಅದು ಸಭೆಯನ್ನು ಮುಟ್ಟುವುದೇ ಇಲ್ಲ.

ಸಾಮಾನ್ಯವಾಗಿ ಮಾಡುವುದು ಹನ್ನೆರಡನ್ನು ನಾಲ್ಕರಿಂದ ಭಾಗಿಸಿ ತಲೆಗೆ ಮೂರು ನಿಮಿಷ ಕೊಡುವುದು. ಪ್ರತಿಯೊಬ್ಬರೂ ತಮ್ಮ ಮೊಬೈಲಿನ ಸ್ಟಾಪ್‌ವಾಚ್ ಒತ್ತಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಮೊದಲ ಮೂವರು ಇಪ್ಪತ್ತಿಪ್ಪತ್ತು ಸೆಕೆಂಡು ಮೀರಿದರೆ 60 ಸೆಕೆಂಡು. ಮೂರು ಸಂದಿನಲ್ಲಿ ಏಳುವುದು, ಮೈಕ್ ಕೊಡುವುದು, ಕಾಗದ ಬಿಡಿಸುವುದು ಎಂದು ಹನ್ನೆರಡು ಹನ್ನೆರಡು ಸೆಕೆಂಡು ಹಿಡಿದರೆ 36. ಒಟ್ಟು 96 ಸೆಕೆಂಡು. ಸುಮಾಳ ಮೂರು ನಿಮಿಷದಲ್ಲಿ ಉಳಿದದ್ದು 84 ಸೆಕೆಂಡು, ಅರ್ಧಕ್ಕಿಂತ ಕಡಿಮೆ. ಮೂವರಲ್ಲಿ ಯಾರಿಗೂ ತಾವು ತಪ್ಪು ಮಾಡಿದೆವು ಎಂದು ಅನ್ನಿಸುವುದಿಲ್ಲ. ಯಾಕೆಂದರೆ ಸ್ಟಾಪ್‌ವಾಚ್ ಪ್ರತಿಯೊಬ್ಬರಿಗೂ ಸೊನ್ನೆಯಿಂದ ಶುರುವಾಗುತ್ತದೆ, ಹಿಂದಿನವರ ಸಾಲವನ್ನು ಅದು ತೋರಿಸುವುದಿಲ್ಲ.

ಇದಕ್ಕೆ ಎದುರಾಗಿ ಹಂಚಿಕೊಂಡ ಗಡಿಯಾರ. ಒಂದೇ ಗಡಿಯಾರ, ಸೆಮಿನಾರು ಶುರುವಾದಾಗ ಒಮ್ಮೆ ಒತ್ತಿದ್ದು, ಕೊನೆವರೆಗೂ ನಿಲ್ಲಿಸುವುದಿಲ್ಲ. ಪ್ರತಿಯೊಬ್ಬರ ಕಾಗದದ ಮೇಲ್ತುದಿಯಲ್ಲಿ "ಮೂರು ನಿಮಿಷ" ಎಂದು ಬರೆಯುವ ಬದಲು ಗಡಿಯಾರದ ಗುರುತು ಬರೆಯಬೇಕು. ನವೀನ 0:00ರಿಂದ 2:40. ಅಶ್ವಿನಿ 2:50ರಿಂದ 6:00. ರಫೀಕ್ 6:10ರಿಂದ 8:50. ಸುಮಾ 9:00ರಿಂದ 11:20. ನಡುವಿನ ಹತ್ತು ಹತ್ತು ಸೆಕೆಂಡು ಸಂದಿಗೆ, ಕೊನೆಯ ನಲವತ್ತು ಸೆಕೆಂಡು ಯಾರಿಗೂ ಅಲ್ಲ, ಅದು ಗುಂಪಿನ ಗಂಟು. ಸುರಂಗ ಸೆಮಿನಾರಿನ ನಡುಗಂಬವಾದ ಕಾರಣ ಅಶ್ವಿನಿಗೆ ಅರ್ಧ ನಿಮಿಷ ಹೆಚ್ಚು. ಸಮಪಾಲು ಬೇಕೆಂಬ ಹಟ ಇಲ್ಲಿ ಬೇಡ.

ಇನ್ನು ತಡವನ್ನು ತೀರಿಸುವ ಬಗೆ. ಪ್ರತಿಯೊಬ್ಬರ ಭಾಗದಲ್ಲೂ ಇಪ್ಪತ್ತು ಸೆಕೆಂಡಿನ ಒಂದು ಪ್ಯಾರಾ "ಬಿಡಬಹುದಾದದ್ದು" ಇರಬೇಕು. ಅದಕ್ಕೆ ಪೆನ್ಸಿಲಿನಲ್ಲಿ ಚೌಕ ಹಾಕಿಡಿ. ಅದು ಕೊಂಡಿವಾಕ್ಯಕ್ಕೆ ತುಸು ಮೊದಲು ಬರುವಂತೆ ಜೋಡಿಸಿ. ಅಶ್ವಿನಿಯ ಚೌಕದಲ್ಲಿರುವುದು ಸುರಂಗದ ನೀರನ್ನು ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ಹರಿಸುವ ವಿವರ. ಅವಳು ಎದ್ದಾಗ ಗಡಿಯಾರ 2:50ರ ಬದಲು 3:10 ತೋರಿಸಿದರೆ, ವೇಗವಾಗಿ ಮಾತಾಡುವುದು ಬೇಡ. ದಂಬೆಯ ಪ್ಯಾರಾ ಬಿಟ್ಟು ಕೊಂಡಿಗೆ ಹೋದರೆ 6:00ಕ್ಕೆ ತಾನಾಗಿ ಬಂದು ಮುಟ್ಟುತ್ತಾಳೆ. ರಫೀಕನಿಗೆ ತಡದ ಸುದ್ದಿಯೇ ತಲುಪುವುದಿಲ್ಲ. ಅವಳ ಕೊಂಡಿ: "ಸುರಂಗ ಗುಡ್ಡೆಯೊಳಗಿನ ನೀರನ್ನು ಕೊಟ್ಟಿತು. ಆದರೆ ಗುಡ್ಡೆಗೆ ಇಳಿಯದೆ ಮೇಲೆಯೇ ಹರಿದುಹೋಗುವ ನೀರಿಗೆ ಏನು ದಾರಿ, ರಫೀಕ್?" ರಫೀಕನ ಉತ್ತರ: "ಹರಿದುಹೋಗುವ ನೀರನ್ನು ಎರಡು ಕಡೆ ತಡೆದರು, ಪದವಿನ ಮೇಲೆ ಮದಕದಲ್ಲಿ, ಕೆಳಗೆ ತೋಡಿನಲ್ಲಿ ಕಟ್ಟ ಕಟ್ಟಿ." ಮಳೆ ನಿಂತು ಹರಿವು ಇಳಿದ ಮೇಲೆ ಕಟ್ಟುವ, ಮುಂದಿನ ಮಳೆಗೆ ಕೊಚ್ಚಿಹೋಗುವ ಕಟ್ಟಗಳ ಚಿತ್ರ, ಕಟ್ಟಗಳಿಗೆ ಹೆಸರಾದ ಏತಡ್ಕದ್ದೇ ಆಗಲಿ, ಈ ವಾಕ್ಯ ಮುಗಿದ ಮೇಲೆ ಬರಲಿ. ಮೊದಲೇ ಬಂದರೆ ಜನ ಚಿತ್ರ ನೋಡುತ್ತಾರೆ, ಉತ್ತರ ಕೇಳುವುದಿಲ್ಲ.

ಗಡಿಯಾರ ನೋಡುವವರು ಯಾರು ಎಂಬುದರಲ್ಲೂ ವ್ಯತ್ಯಾಸ ಕಂಡಿತು. ಮಾತಾಡುವವರೇ ನೋಡಿದರೆ ತಲೆ ತಗ್ಗುತ್ತದೆ. ಮುಂದಿನವರು ನೋಡಿದರೆ ತಮ್ಮ ಮೊದಲ ವಾಕ್ಯ ಮರೆಯುತ್ತಾರೆ. ಆಗಲೇ ಮುಗಿಸಿ ಕೂತವರಿಗೆ ಆ ಕೆಲಸ ಒಪ್ಪುತ್ತದೆ, ಅವರ ಎದೆ ಹಗುರವಾಗಿರುತ್ತದೆ. ನವೀನನಿಗೆ ಮಾತ್ರ ಸುಮಾ ನೋಡಲಿ, ಅವಳ ಸರದಿ ದೂರ ಉಂಟು. ಎರಡೇ ಚೀಟಿ ಸಾಕು: ಹಳದಿ ಅಂದರೆ ಮೂವತ್ತು ಸೆಕೆಂಡು ಉಳಿದಿದೆ, ಕೆಂಪು ಅಂದರೆ ಈ ವಾಕ್ಯ ಮುಗಿಸಿ ನೇರ ಕೊಂಡಿಗೆ ಹೋಗು. ಹಳದಿ ಕಂಡ ಕೂಡಲೇ ಮುಂದಿನವರು ಎದ್ದು ಮೈಕಿನ ಹತ್ತಿರ ಬಂದು ನಿಲ್ಲಬೇಕು. ಸಂದು ಹತ್ತು ಸೆಕೆಂಡಿನಲ್ಲಿ ಮುಗಿಯುವುದು ಇದರಿಂದಲೇ. ಕೈಮೈಕಾದರೆ ಸ್ವಿಚ್ಚು ಮುಟ್ಟದೆ ಕೊಡಬೇಕು. ಆರಿಸಿ ಕೊಟ್ಟ ಮೈಕಿನಲ್ಲಿ ಉತ್ತರದ ಅರ್ಧ ವಾಕ್ಯ ನುಂಗಿಹೋಗುತ್ತದೆ.

ಬರೆದ ಮಾತಿನ ಉದ್ದ ಅಳೆಯುವಾಗ ಇಂಗ್ಲಿಷಿನವರು ಹೇಳುವ ನಿಮಿಷಕ್ಕೆ 130 ಪದದ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. "ಇಳಿದುಹೋಗುತ್ತದೆಯಂತೆ" ಎಂಬುದು ನಮಗೆ ಒಂದು ಪದ, ಬಾಯಿಗೆ ಅದು ಎರಡು ಮೂರು ಪದದಷ್ಟು. ಪದ ಎಣಿಸಬೇಡಿ, ಗಡಿಯಾರ ಇಟ್ಟು ಜೋರಾಗಿ ಎರಡು ಸಲ ಓದಿ. ಮನಸ್ಸಿನಲ್ಲೇ ಓದಿದರೆ ಸಮಯ ಯಾವಾಗಲೂ ಕಡಿಮೆ ಬರುತ್ತದೆ.

ಅಭ್ಯಾಸಕ್ಕೆ ಪೂರ್ತಿ ಹನ್ನೆರಡು ನಿಮಿಷ ಬೇಕೆಂದಿಲ್ಲ. ಪ್ರತಿಯೊಬ್ಬರ ಕೊನೆಯ ಮೂವತ್ತು ಸೆಕೆಂಡು ಮತ್ತು ಮುಂದಿನವರ ಮೊದಲ ಹದಿನೈದು ಸೆಕೆಂಡು, ಹೀಗೆ ಮೂರು ಸಂದುಗಳನ್ನು ಮಾತ್ರ ಎದ್ದು ನಿಂತು, ಮೈಕಿನ ಬದಲು ಪೆನ್ನು ಕೈಯಿಂದ ಕೈಗೆ ಕೊಟ್ಟು ಐದು ಸಲ ಮಾಡಿ. ಹೋಗಿ ಬರುವ ಹೆಜ್ಜೆ ಸೇರಿದರೂ ಹದಿನೈದು ನಿಮಿಷದೊಳಗೆ ಮುಗಿಯುತ್ತದೆ. ಒಂದು ಸಲ ಬೇಕೆಂದೇ ಪ್ರಶ್ನೆ ಬಿಟ್ಟು, ಇನ್ನೊಂದು ಸಲ ಇಪ್ಪತ್ತು ಸೆಕೆಂಡು ತಡಮಾಡಿ ನೋಡಿ. ಯಾರಾದರೂ ಬಾರದೆ ಹೋದರೆ ಅವರ ಭಾಗದ ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಹಿಂದಿನವರು ಹೇಳಲಿ, ನಡುವಿನದು ಹೋಗಲಿ. ರಫೀಕ್ ಇಲ್ಲದ ದಿನ ಅಶ್ವಿನಿಯೇ ಮದಕ, ಕಟ್ಟದ ಆ ಒಂದು ವಾಕ್ಯ ಹೇಳಿ, ಅವನ ಪ್ರಶ್ನೆಯನ್ನು ಸುಮಾಳಿಗೆ ಕೇಳಬಹುದು: "ಇಷ್ಟೆಲ್ಲ ಇದ್ದ ಊರಿಗೆ ಬೋರ್‌ವೆಲ್ ಯಾಕೆ ಬೇಕಾಯಿತು, ಸುಮಾ?"